ಖಾತೆ ನಂಬರ್ ಹಾಕಿ ಕಳಿಸೋದು, ಯುಪಿಐ ಐಡಿಗೆ ಕಳಿಸೋದು: ವ್ಯತ್ಯಾಸ ಎಲ್ಲಿದೆ?



ಹಸು ಕೊಳ್ಳುವಾಗ, ಸಸಿಗೆ ಮುಂಗಡ ಕೊಡುವಾಗ, ಹಳೇ ಟಿಲ್ಲರ್ ಖರೀದಿ ಮಾಡುವಾಗ ಎದುರಿನವರು ಎರಡರಲ್ಲಿ ಒಂದನ್ನು ಕಳಿಸ್ತಾರೆ. ಒಂದೋ ಪಾಸ್‌ಬುಕ್ಕಿನ ಮೊದಲ ಪುಟದ ಫೋಟೋ, ಇಲ್ಲವೇ "ಈ ನಂಬರಿಗೇ ಹಾಕಿಬಿಡಿ" ಅಂತ ಫೋನ್ ನಂಬರ್ ಅಥವಾ ಯುಪಿಐ ಐಡಿ. "ಅಣ್ಣ, ಹೇಗೆ ಕಳಿಸಿದ್ರೂ ದುಡ್ಡು ಹೋಗೋದು ಅವರ ಖಾತೆಗೇ ತಾನೇ?" ಅಂತ ನಮ್ಮೂರಿನ ಹುಡುಗರು ನನ್ನನ್ನು ಕೇಳ್ತಾ ಇರ್ತಾರೆ. ಕೊನೆಗೆ ಹೋಗುವುದು ಖಾತೆಗೇ, ನಿಜ. ಆದರೆ ಅದು ಯಾರ ಖಾತೆ, ಯಾವ ಖಾತೆ ಅನ್ನೋದನ್ನು ತೀರ್ಮಾನ ಮಾಡುವವರು ಎರಡೂ ದಾರಿಯಲ್ಲಿ ಬೇರೆ ಬೇರೆ. ಈ ವಾರ ಅದನ್ನೇ ಬಿಡಿಸಿ ನೋಡೋಣ.

ಖಾತೆ ನಂಬರ್ ದಾರಿ: ನೀವು ಬರೆದ ಅಂಕಿಯೇ ಅಂತಿಮ

ಖಾತೆ ನಂಬರ್ ಮೂಲಕ ಕಳಿಸುವಾಗ ಮೂರು ವಿವರ ತುಂಬುತ್ತೇವೆ: ಹೆಸರು, ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಕೋಡ್. ಐಎಫ್‌ಎಸ್‌ಸಿ ಅಂದರೆ ಬ್ಯಾಂಕಿನ ಶಾಖೆಯ ಗುರುತು. ಅದರಲ್ಲಿ ಯಾವಾಗಲೂ 11 ಅಕ್ಷರ ಇರುತ್ತವೆ. ಮೊದಲ ನಾಲ್ಕು ಬ್ಯಾಂಕಿನ ಹೆಸರು, ಐದನೆಯದು ಸೊನ್ನೆ, ಉಳಿದ ಆರು ಶಾಖೆಯ ಗುರುತು.

```
CNRB  0  ......
ಬ್ಯಾಂಕ್  ಸೊನ್ನೆ  ಶಾಖೆ
```

ಐದನೇ ಜಾಗದಲ್ಲಿ ಇರೋದು ಸೊನ್ನೆಯೇ ಹೊರತು ಇಂಗ್ಲಿಷಿನ ಓ ಅಕ್ಷರ ಅಲ್ಲ. ಪಾಸ್‌ಬುಕ್ ನೋಡಿ ಟೈಪ್ ಮಾಡುವವರು ಹೆಚ್ಚಾಗಿ ಎಡವೋದು ಇಲ್ಲೇ. ಅದೃಷ್ಟಕ್ಕೆ ಈ ತಪ್ಪು ಅಪಾಯದ್ದಲ್ಲ, ಇಂಥ ಕೋಡ್ ಇಲ್ಲ ಅಂತ ಆ್ಯಪ್ ತಕ್ಷಣ ಹೇಳಿಬಿಡುತ್ತದೆ.

ಅಪಾಯ ಇರೋದು ಖಾತೆ ಸಂಖ್ಯೆಯಲ್ಲಿ. ನಾವು ಮೇಲೆ ಹೆಸರು ಬರೆದಿದ್ದೇವೆ, ಹೆಸರು ತಾಳೆ ಆಗದಿದ್ದರೆ ಬ್ಯಾಂಕಿನವರು ಹಣ ನಿಲ್ಲಿಸ್ತಾರೆ ಅಂತ ತುಂಬಾ ಜನ ನಂಬಿದ್ದಾರೆ. ಹಾಗಿಲ್ಲ. ನೆಫ್ಟ್, ಆರ್‌ಟಿಜಿಎಸ್ ಮೂಲಕ ಬಂದ ಹಣವನ್ನು ಖಾತೆ ಸಂಖ್ಯೆಯೊಂದನ್ನೇ ನೋಡಿ ಜಮಾ ಮಾಡಬಹುದು, ಸಂಖ್ಯೆ ಸರಿಯಾಗಿ ಕೊಡುವ ಹೊಣೆ ಕಳಿಸುವವರದು ಅಂತ ರಿಸರ್ವ್ ಬ್ಯಾಂಕ್ 2010ರಲ್ಲೇ ಹೇಳಿದೆ. ನೀವು "ರಂಗಪ್ಪ" ಅಂತ ಬರೆದು, ಒಂದು ಅಂಕಿ ತಪ್ಪಾಗಿ, ಆ ತಪ್ಪು ಸಂಖ್ಯೆಯ ಖಾತೆ ನಿಜವಾಗಿಯೂ ಇನ್ನೊಬ್ಬರದ್ದಾಗಿದ್ದರೆ ಹಣ ಅವರಿಗೇ ಹೋಗಬಹುದು. ಅಂಥ ಖಾತೆಯೇ ಇಲ್ಲದಿದ್ದರೆ ಮಾತ್ರ ವಾಪಸ್ ಬರುತ್ತದೆ.

ಇದಕ್ಕೆ ಈಗ ಒಂದು ಪರಿಹಾರ ಬಂದಿದೆ. ನೆಫ್ಟ್ ಮತ್ತು ಆರ್‌ಟಿಜಿಎಸ್ ಮಾಡುವ ಮುಂಚೆ, ಆ ಖಾತೆ ಸಂಖ್ಯೆ ಯಾರ ಹೆಸರಿನಲ್ಲಿದೆ ಅಂತ ತೋರಿಸುವ ಸೌಲಭ್ಯವನ್ನು 2025ರ ಏಪ್ರಿಲ್ 1ರೊಳಗೆ ಕೊಡಬೇಕು ಅಂತ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸೂಚಿಸಿತ್ತು. ಇದಕ್ಕೆ ಶುಲ್ಕ ಇಲ್ಲ. ಬ್ಯಾಂಕ್ ಆ್ಯಪ್‌ನಲ್ಲಿ ಹೊಸ ಖಾತೆ ಸೇರಿಸುವಾಗ ಹೆಸರು ಪರಿಶೀಲಿಸುವ ಬಟನ್ ಇರುತ್ತದೆ. ಶಾಖೆಗೆ ಹೋಗಿ ಚಲನ್ ತುಂಬುವವರೂ ಕೌಂಟರಿನಲ್ಲಿ ಕೇಳಬಹುದು. ಆದರೆ ಒಂದು ಮಾತು ನೆನಪಿರಲಿ: ಅದು ಹೆಸರನ್ನು ತೋರಿಸುತ್ತದೆ ಅಷ್ಟೇ. ಬಂದ ಹೆಸರನ್ನು ಓದಿ, ಇವರೇ ಹೌದಾ ಅಂತ ನೋಡಿ ಮುಂದುವರಿಯೋದು ನಿಮ್ಮ ಕೆಲಸ.

ಯುಪಿಐ ದಾರಿ: ವಿಳಾಸ ನಿಮ್ಮ ಕೈಲಿ, ಖಾತೆ ಅವರ ಕೈಲಿ

ಯುಪಿಐ ಐಡಿ ಅಂದರೆ ಒಂದು ಪಾವತಿ ವಿಳಾಸ. `hesaru@ybl` ಅಥವಾ `hesaru@oksbi` ಅಂತ ಇರುತ್ತದೆ. ಇದರಲ್ಲಿ ಖಾತೆ ಸಂಖ್ಯೆ ಎಲ್ಲೂ ಇಲ್ಲ. ನೀವು ವಿಳಾಸ ಹಾಕಿದಾಗ ವ್ಯವಸ್ಥೆ ಒಳಗಡೆ ಹುಡುಕಿ, ಈ ವಿಳಾಸಕ್ಕೆ ಇವತ್ತು ಯಾವ ಖಾತೆ ಜೋಡಿಸಿದ್ದಾರೆ ಅಂತ ತಿಳ್ಕೊಳ್ಳುತ್ತದೆ. ಆಮೇಲೆ ಖಾತೆದಾರರ ಹೆಸರನ್ನು ನಿಮಗೆ ತೋರಿಸುತ್ತದೆ. ನೀವು ಪಿನ್ ಒತ್ತಿದ ಮೇಲೆ ಹಣ ಆ ಖಾತೆಗೆ ಹೋಗುತ್ತದೆ. ಫೋನ್ ನಂಬರ್ ಹಾಕಿದರೂ, ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದರೂ ಒಳಗೆ ನಡೆಯೋದು ಇದೇ.

ಇಲ್ಲಿ "ಇವತ್ತು" ಅನ್ನೋ ಮಾತು ಮುಖ್ಯ. ವಿಳಾಸದ ಹಿಂದೆ ಯಾವ ಖಾತೆ ಇರಬೇಕು ಅನ್ನೋದು ಆ ವಿಳಾಸದವರ ಇಷ್ಟ. ಹೋದ ತಿಂಗಳು ಗ್ರಾಮೀಣ ಬ್ಯಾಂಕಿನ ಖಾತೆ ಜೋಡಿಸಿದ್ದವರು ಈ ತಿಂಗಳು ಕೆನರಾ ಬ್ಯಾಂಕಿನದನ್ನು ಜೋಡಿಸಿರಬಹುದು. ನಿಮಗೆ ಕಾಣೋದು ಅದೇ ವಿಳಾಸ, ಆದರೆ ಹಣ ಸೇರೋದು ಬೇರೆ ಖಾತೆಗೆ.

@ ಗುರುತಿನ ಮುಂದೆ ಇರುವ ಭಾಗ ನೋಡಿಯೂ ಮೋಸ ಹೋಗಬೇಡಿ. `@oksbi` ಅಂತ ಇದ್ದ ಮಾತ್ರಕ್ಕೆ ಅವರ ಖಾತೆ ಸ್ಟೇಟ್ ಬ್ಯಾಂಕಿನಲ್ಲಿದೆ ಅಂತ ಅಲ್ಲ. ಅದು ಆ ಆ್ಯಪ್‌ಗೆ ಯುಪಿಐ ಸೇವೆ ಕೊಡುವ ಬ್ಯಾಂಕಿನ ಗುರುತು. ಖಾತೆ ಬೇರೆ ಯಾವ ಬ್ಯಾಂಕಿನಲ್ಲಾದರೂ ಇರಬಹುದು.

ಹಾಗಾದರೆ ಯುಪಿಐನಲ್ಲಿ ಅನುಕೂಲ ಏನು? ಅಂಕಿ ತಪ್ಪಿಸುವ ಭಯ ಕಡಿಮೆ, ಹೆಸರು ತಾನಾಗೇ ಬರುತ್ತದೆ. ಆ ಹೆಸರೂ ಬ್ಯಾಂಕಿನ ದಾಖಲೆಯದ್ದೇ ಆಗಿರಬೇಕು, ಜನ ತಾವೇ ಇಟ್ಟುಕೊಂಡ ಹೆಸರು ತೋರಿಸಬಾರದು ಅಂತ ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆ 2025ರಲ್ಲಿ ಆ್ಯಪ್‌ಗಳಿಗೆ ನಿಯಮ ಮಾಡಿದೆ. ಹಾಗಾಗಿ ಪಿನ್ ಒತ್ತುವ ಮುಂಚಿನ ಪರದೆಯಲ್ಲಿ ಬರುವ ಹೆಸರನ್ನು ನೋಡಿ. ನಿಮ್ಮ ಫೋನಿನಲ್ಲಿ ನೀವೇ "ಟಿಲ್ಲರ್ ರಂಗಣ್ಣ" ಅಂತ ಸೇವ್ ಮಾಡ್ಕೊಂಡಿರೋ ಹೆಸರು ಪುರಾವೆ ಅಲ್ಲ.

ಒಂದು ವ್ಯವಹಾರವನ್ನೇ ನೋಡೋಣ

ನನ್ನ ಚಿಕ್ಕಪ್ಪನ ಮಗ ಪಕ್ಕದ ತಾಲ್ಲೂಕಿನಿಂದ ಬಳಸಿದ ಪವರ್ ಟಿಲ್ಲರ್ ಒಂದನ್ನು ಕೊಂಡ. ಮಾತಾದ ಬೆಲೆ 1,35,000 ರೂಪಾಯಿ. ಅವನು ಹಣ ಕಳಿಸುವಾಗ ನಾನು ಪಕ್ಕದಲ್ಲೇ ಕೂತಿದ್ದೆ. ಒಂದೊಂದು ಹೆಜ್ಜೆಯಲ್ಲೂ ಒಂದೊಂದು ಸಂಗತಿ ಸಿಕ್ಕಿತು.

ಮೊದಲು 5,000 ರೂಪಾಯಿ ಮುಂಗಡ. ಮಾರುವವರು ಫೋನ್ ನಂಬರ್ ಕೊಟ್ಟಿದ್ದರು. ಹಾಕಿದರೆ ಪರದೆಯಲ್ಲಿ ಬಂದಿದ್ದು ಬೇರೆ ಹೆಸರು. ಫೋನ್ ಮಾಡಿ ಕೇಳಿದ್ದಕ್ಕೆ, "ಅದು ನನ್ನ ಮಗಂದು ಕಣಪ್ಪ, ಆ ನಂಬರ್ ಅವನ ಬ್ಯಾಂಕಿಗೆ ಸೇರಿಸಿದ್ದೀವಿ" ಅಂದರು. ಹಳ್ಳಿ ಮನೆಗಳಲ್ಲಿ ಇದು ಮಾಮೂಲು. ಮನೆಗೆಲ್ಲ ಒಂದೇ ನಂಬರ್ ಇರುತ್ತದೆ, ಯುಪಿಐ ಯಾರ ಖಾತೆಗೆ ಜೋಡಿಸಿದ್ದಾರೋ ಅವರಿಗೆ ಹಣ ಹೋಗುತ್ತದೆ. ಇದರಲ್ಲಿ ಮೋಸ ಇರಲಿಲ್ಲ. ಆದರೆ ಟಿಲ್ಲರ್ ತಂದೆಯ ಹೆಸರಿನಲ್ಲಿದೆ, ಮುಂಗಡ ಮಗನ ಖಾತೆಗೆ ಹೋಗುತ್ತದೆ. ನಾಳೆ ವ್ಯಾಪಾರ ಮುರಿದರೆ "ನನಗೆ ಯಾರೂ ಕೊಟ್ಟಿಲ್ಲ" ಅನ್ನಲು ದಾರಿ ಆಯಿತಲ್ಲ? ಅದಕ್ಕೇ, "ನನ್ನ ಮಗನ ಖಾತೆಗೆ ಬಂದ 5,000 ರೂಪಾಯಿ ಟಿಲ್ಲರ್ ಮುಂಗಡ" ಅಂತ ತಂದೆಯಿಂದಲೇ ಒಂದು ಮೆಸೇಜ್ ಹಾಕಿಸಿಕೊಂಡು ಕಳಿಸಿದ.

ಉಳಿದದ್ದು 1,30,000. ಒಬ್ಬರಿಂದ ಇನ್ನೊಬ್ಬರಿಗೆ ಯುಪಿಐನಲ್ಲಿ ದಿನಕ್ಕೆ ಸಾಮಾನ್ಯವಾಗಿ ಒಂದು ಲಕ್ಷದ ಮಿತಿ ಇದೆ. ಕೆಲವು ಬ್ಯಾಂಕ್‌ಗಳು ಇನ್ನೂ ಕಡಿಮೆ ಇಟ್ಟಿವೆ. ಎರಡು ದಿನ ಮಾಡಿ ಕಳಿಸಬಹುದಿತ್ತು. ಆದರೆ ದೊಡ್ಡ ಮೊತ್ತ ಟಿಲ್ಲರ್ ಮಾಲೀಕರ ಖಾತೆಗೇ ಹೋಗಲಿ ಅಂತ ಅವನು ಅವರ ಪಾಸ್‌ಬುಕ್ ಕೇಳಿದ. ವಾಟ್ಸಾಪಿನಲ್ಲಿ ಫೋಟೋ ಬಂತು.

ಪಾಸ್‌ಬುಕ್ ಹಳೇದು, ಸಿಂಡಿಕೇಟ್ ಬ್ಯಾಂಕಿನದು. ಐಎಫ್‌ಎಸ್‌ಸಿ `SYNB` ಅಂತ ಶುರುವಾಗುತ್ತಿತ್ತು. ಆ್ಯಪ್ ಒಪ್ಪಲಿಲ್ಲ. ಯಾಕಂದರೆ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕಿನಲ್ಲಿ ಸೇರಿಹೋಯಿತು, ಅದರ ಹಳೇ ಕೋಡ್‌ಗಳು 2021ರ ಜುಲೈ 1ರಿಂದ ನಿಂತವು. ಈಗ ಆ ಶಾಖೆಗಳಿಗೆ `CNRB` ಅಂತ ಶುರುವಾಗುವ ಹೊಸ ಕೋಡ್ ಇದೆ. ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಸೇರಿದಾಗಲೂ ಹೀಗೇ ಆಯಿತು. ನಮ್ಮ ಎರಡು ಗ್ರಾಮೀಣ ಬ್ಯಾಂಕುಗಳೂ 2025ರ ಮೇ 1ರಿಂದ ಕರ್ನಾಟಕ ಗ್ರಾಮೀಣ ಬ್ಯಾಂಕ್ ಅಂತ ಒಂದಾಗಿವೆ. ಹಾಗಾಗಿ ಹಳೇ ಪಾಸ್‌ಬುಕ್ಕಿನ ಕೋಡನ್ನು ನಂಬಬೇಡಿ, ಈಗಿನದು ಯಾವುದು ಅಂತ ಶಾಖೆಯಲ್ಲಿ ಕೇಳಿಕೊಳ್ಳಿ. ಯುಪಿಐ ಐಡಿಯಲ್ಲಿ ಈ ತಾಪತ್ರಯ ಕಾಣಿಸೋದಿಲ್ಲ, ಕೋಡ್ ವಿಚಾರ ಹಿಂದುಗಡೆಯೇ ಮುಗಿದಿರುತ್ತದೆ.

ಶಾಖೆಯಿಂದ ಹೊಸ ಕೋಡ್ ಬಂತು. ಈಗ ಖಾತೆ ಸಂಖ್ಯೆ. ಫೋಟೋ ಮಸುಕಾಗಿತ್ತು, 8 ಇದ್ದದ್ದು 3ರ ಹಾಗೆ ಕಾಣ್ತಿತ್ತು. ಅವನು 3 ಅಂತಲೇ ಒತ್ತಿ ಹೆಸರು ಪರಿಶೀಲಿಸುವ ಬಟನ್ ಒತ್ತಿದ. ಬಂದದ್ದು ಯಾರೋ ಹೆಣ್ಣುಮಗಳ ಹೆಸರು! ಆ ಸಂಖ್ಯೆಯ ಖಾತೆ ನಿಜವಾಗಿಯೂ ಇತ್ತು. ಆ ಬಟನ್ ಒತ್ತದೆ ಕಳಿಸಿದ್ದರೆ 1,30,000 ಗುರುತು ಪರಿಚಯ ಇಲ್ಲದವರ ಮನೆ ಸೇರ್ತಿತ್ತು. ಅಂಕಿಗಳನ್ನು ಫೋನಿನಲ್ಲಿ ಮೂರು ಮೂರಾಗಿ ಓದಿಸಿ, 8 ಹಾಕಿ ಮತ್ತೆ ನೋಡಿದಾಗ ಮಾರುವವರ ಹೆಸರೇ ಬಂತು.

ಅಷ್ಟಾದ ಮೇಲೂ ಮೊದಲು 1 ರೂಪಾಯಿಯನ್ನು ಐಎಂಪಿಎಸ್‌ನಲ್ಲಿ ಕಳಿಸಿದ. ಐಎಂಪಿಎಸ್ ಅಂದರೆ ಖಾತೆ ನಂಬರ್ ಹಾಕಿ ತಕ್ಷಣ ಕಳಿಸುವ ದಾರಿ. ಇಷ್ಟು ಸಣ್ಣ ಮೊತ್ತಕ್ಕೆ ಎಸ್ಸೆಮ್ಮೆಸ್ ಬರದೇ ಇರಬಹುದು, ಅದಕ್ಕೆ ಅವರ ಕೈಲಿ ಖಾತೆಯ ವಿವರವನ್ನೇ ನೋಡಿಸಿದೆವು. ಬಂದಿತ್ತು. ಆಮೇಲೆ ಉಳಿದದ್ದನ್ನು ಬೆಳಿಗ್ಗೆ 11.40ಕ್ಕೆ ನೆಫ್ಟ್ ಮಾಡಿದ. ನೆಫ್ಟ್‌ನಲ್ಲಿ ಹಣ ಅರ್ಧ ಗಂಟೆಗೊಂದು ಕಂತಿನಂತೆ ಹೋಗುತ್ತದೆ. ಹಾಗಾಗಿ ಇದು 12 ಗಂಟೆಯ ಕಂತಿಗೆ ಸೇರಿತು. ಕಂತು ಮುಗಿದ ಎರಡು ಗಂಟೆಯೊಳಗೆ ಎದುರಿನ ಬ್ಯಾಂಕ್ ಜಮಾ ಮಾಡಬೇಕು, ಇಲ್ಲವೇ ವಾಪಸ್ ಕಳಿಸಬೇಕು. 12.20ರ ಹೊತ್ತಿಗೆ ಜಮಾ ಆಗಿತ್ತು. ಮಾರುವವರೂ ಬುದ್ಧಿವಂತರು, ಇವನು ತೋರಿಸಿದ ಸ್ಕ್ರೀನ್‌ಶಾಟ್ ನೋಡಿ ಕೀಲಿ ಕೊಡಲಿಲ್ಲ. ತಮ್ಮ ಖಾತೆಯಲ್ಲಿ ಹಣ ನೋಡಿಯೇ ಟಿಲ್ಲರ್ ಬಿಟ್ಟುಕೊಟ್ಟರು.

ಒಂದೇ ಆ್ಯಪ್‌ನಲ್ಲಿ ಎರಡೂ ಇದ್ದರೆ?

ಯುಪಿಐ ಆ್ಯಪ್‌ನಲ್ಲೂ "ಬ್ಯಾಂಕ್ ಖಾತೆಗೆ ಕಳಿಸಿ" ಅನ್ನೋ ಆಯ್ಕೆ ಇರುತ್ತದಲ್ಲ, ಅದು ಯಾವ ಜಾತಿ? ಅಲ್ಲಿ ನೀವು ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಹಾಕಿದರೂ ಹಣ ಹೋಗೋದು ಯುಪಿಐ ದಾರಿಯಲ್ಲೇ. ಎರಡನ್ನೂ ಸೇರಿಸಿ ಒಳಗೆ ಇಂಥದೊಂದು ವಿಳಾಸ ಮಾಡಿಕೊಳ್ಳುತ್ತದೆ:

```
ಖಾತೆಸಂಖ್ಯೆ@ಐಎಫ್‌ಎಸ್‌ಸಿ.ifsc.npci
```

ಇದರಿಂದ ಎರಡು ವಿಷಯ ತಿಳಿಯುತ್ತವೆ. ಒಂದು, ಯುಪಿಐನ ಒಂದು ಲಕ್ಷದ ಮಿತಿ ಇಲ್ಲೂ ಇರುತ್ತದೆ. ಎರಡು, ಖಾತೆಯನ್ನು ಆರಿಸಿದವರು ನೀವು. ಹಣ ನೀವು ಬರೆದ ಖಾತೆಗೇ ಹೋಗುತ್ತದೆ, ಎದುರಿನವರು ತಮ್ಮ ಆ್ಯಪ್‌ನಲ್ಲಿ ಜೋಡಿಸಿಕೊಂಡ ಖಾತೆಗಲ್ಲ. ಯಾವ ಆ್ಯಪ್ ತೆರೆದಿದ್ದೀರಿ ಅನ್ನೋದಕ್ಕಿಂತ ಎದುರಿನವರ ಗುರುತಾಗಿ ಏನು ಹಾಕಿದ್ದೀರಿ ಅನ್ನೋದೇ ಇಲ್ಲಿ ಲೆಕ್ಕಕ್ಕೆ ಬರೋದು.

ಬೆಳೆ ಸಾಲ ಕಟ್ಟುವವರು ಗಮನಿಸಿ

ಈ ವ್ಯತ್ಯಾಸ ರೈತರಿಗೆ ನೇರವಾಗಿ ತಟ್ಟುವ ಜಾಗ ಕೆಸಿಸಿ ಸಾಲ. ನಗರದಲ್ಲಿರುವ ತಮ್ಮನೋ ಮಗಳೋ ಸಾಲ ತೀರಿಸಲು ಹಣ ಕಳಿಸ್ತಾರೆ ಅಂದ್ಕೊಳ್ಳಿ. ನಿಮ್ಮ ಫೋನ್ ನಂಬರಿಗೆ ಯುಪಿಐ ಮಾಡಿದರೆ ಅದು ನೀವು ಜೋಡಿಸಿದ ಖಾತೆಗೆ, ಅಂದರೆ ಸಾಮಾನ್ಯವಾಗಿ ಉಳಿತಾಯ ಖಾತೆಗೆ ಬಂದು ಕೂರುತ್ತದೆ. ಸಾಲದ ಖಾತೆ ಸಂಖ್ಯೆ ಬೇರೆ. ಹಣ ಬ್ಯಾಂಕಿಗೆ ಬಂದಿದೆ ಅಂತ ನೀವು ನಿಶ್ಚಿಂತೆಯಿಂದ ಇರ್ತೀರಿ, ಸಾಲ ಮಾತ್ರ ಹಾಗೇ ನಿಂತಿರುತ್ತದೆ.

ಬಡ್ಡಿ ಸಹಾಯಧನ ಇರುವ ಕೆಸಿಸಿ ಬೆಳೆ ಸಾಲಕ್ಕೆ ಬಡ್ಡಿ ಶೇ 7. ಗಡುವಿನೊಳಗೆ ಕಟ್ಟಿದವರಿಗೆ ಶೇ 3 ರಿಯಾಯಿತಿ ಸಿಕ್ಕಿ ಶೇ 4ಕ್ಕೆ ಇಳಿಯುತ್ತದೆ. ಗಡುವು ತಪ್ಪಿದರೆ ಆ ರಿಯಾಯಿತಿ ಹೋಯಿತು. ಎರಡು ಲಕ್ಷದ ಸಾಲಕ್ಕೆ ವರ್ಷಕ್ಕೆ 6,000 ರೂಪಾಯಿ ವ್ಯತ್ಯಾಸ ಅದು. ಆದ್ದರಿಂದ ಸಾಲದ ಖಾತೆ ಸಂಖ್ಯೆಗೆ ನೇರವಾಗಿ ಹೊರಗಿನಿಂದ ಹಣ ಹಾಕಬಹುದಾ ಅಂತ ನಿಮ್ಮ ಶಾಖೆಯಲ್ಲಿ ಮೊದಲೇ ಕೇಳಿ. ಹಾಕಬಹುದಾದರೆ ಖಾತೆ ನಂಬರ್ ದಾರಿಯಲ್ಲೇ ಕಳಿಸಿ. ಉಳಿತಾಯ ಖಾತೆಗೆ ಬಂದಿದ್ದರೆ ಅಲ್ಲಿಂದ ಸಾಲದ ಖಾತೆಗೆ ವರ್ಗ ಮಾಡಿಸಿ, ಸಾಲದ ಖಾತೆಯಲ್ಲಿ ಜಮಾ ಕಂಡ ಮೇಲೆ ಎದ್ದು ಬನ್ನಿ. ಗಡುವಿನ ಕೊನೇ ದಿನದವರೆಗೂ ಕಾಯಬೇಡಿ.

ಹಣ ಸಿಕ್ಕಿಕೊಂಡರೆ, ತಪ್ಪಿ ಹೋದರೆ

ಇವು ಎರಡು ಬೇರೆ ಬೇರೆ ತೊಂದರೆ, ಬೆರೆಸಬೇಡಿ.

ಯುಪಿಐ ಅಥವಾ ಐಎಂಪಿಎಸ್‌ನಲ್ಲಿ ನಿಮ್ಮ ಖಾತೆಯಿಂದ ಕಡಿತ ಆಗಿದೆ, ಅವರಿಗೆ ತಲುಪಿಲ್ಲ ಅಂದರೆ ಅದು ಸಿಕ್ಕಿಕೊಂಡ ಹಣ. ಒಬ್ಬರಿಂದ ಇನ್ನೊಬ್ಬರಿಗೆ ಕಳಿಸಿದ ಇಂಥ ಹಣ ಮಾರನೇ ದಿನದೊಳಗೆ ತಾನಾಗೇ ವಾಪಸ್ ಆಗಬೇಕು ಅಂತ ರಿಸರ್ವ್ ಬ್ಯಾಂಕಿನ 2019ರ ನಿಯಮ ಇದೆ. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು. ಹಾಗಾಗಿ "ಪೆಂಡಿಂಗ್" ಅಂತ ಬಂದ ತಕ್ಷಣ ಮತ್ತೆ ಕಳಿಸಬೇಡಿ, ಕೊನೆಗೆ ಎರಡೂ ಹೋಗಿಬಿಡಬಹುದು. ಆ ವ್ಯವಹಾರದ 12 ಅಂಕಿಯ ಸಂಖ್ಯೆಯನ್ನು ಬರೆದಿಟ್ಟುಕೊಂಡು ಆ್ಯಪ್‌ನಲ್ಲೇ ದೂರು ಹಾಕಿ. ನೆಫ್ಟ್ ಆಗಿದ್ದರೆ 16 ಅಕ್ಷರದ ಯುಟಿಆರ್ ಸಂಖ್ಯೆ ಇರುತ್ತದೆ, ಶಾಖೆಯಲ್ಲಿ ಅದನ್ನು ಕೊಟ್ಟರೆ ಹಣ ಎಲ್ಲಿದೆ ಅಂತ ಹುಡುಕಿ ಹೇಳ್ತಾರೆ.

ನೀವೇ ತಪ್ಪು ಸಂಖ್ಯೆ ಅಥವಾ ತಪ್ಪು ವಿಳಾಸಕ್ಕೆ ಕಳಿಸಿ, ಅದು ಇನ್ನೊಬ್ಬರ ಖಾತೆಯಲ್ಲಿ ಜಮಾ ಆಗಿಬಿಟ್ಟರೆ ಅದು ತಪ್ಪಿ ಹೋದ ಹಣ. ಇದು ತಾನಾಗೇ ವಾಪಸ್ ಬರಲ್ಲ. ವ್ಯವಸ್ಥೆಯ ಕಣ್ಣಿಗೆ ಅದು ಸರಿಯಾಗಿ ಮುಗಿದ ವ್ಯವಹಾರ. ಅದೇ ದಿನ ನಿಮ್ಮ ಬ್ಯಾಂಕಿಗೆ ಲಿಖಿತ ದೂರು ಕೊಡಿ. ಅವರು ಎದುರಿನ ಬ್ಯಾಂಕಿಗೆ ಬರೀತಾರೆ, ಆ ಬ್ಯಾಂಕ್ ತನ್ನ ಗ್ರಾಹಕರನ್ನು ಕೇಳಿ ವಾಪಸ್ ಕೊಡಿಸಲು ನೋಡುತ್ತದೆ. ಅವರು ಒಪ್ಪದಿದ್ದರೆ ದಾರಿ ಉದ್ದವಾಗುತ್ತದೆ. ನಿಮ್ಮ ಬ್ಯಾಂಕ್ 30 ದಿನದಲ್ಲಿ ಉತ್ತರ ಕೊಡದಿದ್ದರೆ ರಿಸರ್ವ್ ಬ್ಯಾಂಕಿನ `cms.rbi.org.in` ತಾಣದಲ್ಲಿ ಓಂಬುಡ್ಸ್‌ಮನ್‌ಗೆ ದೂರು ಹಾಕಬಹುದು. ಯಾರೋ ಮೋಸ ಮಾಡಿ ಹಾಕಿಸಿಕೊಂಡಿದ್ದರೆ ಕಾಯಲೇಬೇಡಿ, ಕೂಡಲೇ 1930ಕ್ಕೆ ಫೋನ್ ಮಾಡಿ.

ನಿಮಗೆ ಹಣ ಬರಬೇಕಾದಾಗ ಯಾವುದನ್ನು ಕೊಡಬೇಕು?

ಸಂತೆಯಲ್ಲಿ ತರಕಾರಿ ಕೊಟ್ಟದ್ದಕ್ಕೆ, ಆಳಿನ ಕೂಲಿಗೆ, ಸಣ್ಣ ಮುಂಗಡಕ್ಕೆ ಯುಪಿಐ ಸಾಕು. ಆದರೆ ಆ್ಯಪ್‌ನಲ್ಲಿ ಯಾವ ಖಾತೆ ಜೋಡಿಸಿದ್ದೀರಿ ಅಂತ ಮೊದಲು ನೋಡಿಕೊಳ್ಳಿ. ಹಣ ಬರಲು ನೀವು ಪಿನ್ ಒತ್ತುವ ಅಗತ್ಯ ಯಾವತ್ತೂ ಇಲ್ಲ. ಪಿನ್ ಕೇಳಿತು ಅಂದರೆ ನಿಮ್ಮ ಹಣ ಹೊರಗೆ ಹೋಗ್ತಿದೆ ಅಂತಲೇ ಅರ್ಥ.

ಶುಂಠಿ, ಅಡಿಕೆ, ಮೆಕ್ಕೆಜೋಳದ ಲೋಡಿನ ಹಣ ಬರೋದಿದ್ದರೆ ಖಾತೆ ನಂಬರ್ ಕೊಡಿ. ವ್ಯಾಪಾರಿ ಎರಡು ಲಕ್ಷಕ್ಕೂ ಮೇಲೆ ಕಳಿಸುವುದಾದರೆ ಆರ್‌ಟಿಜಿಎಸ್ ಮಾಡಬಹುದು, ಅದರಲ್ಲಿ ಕಂತು ಕಾಯುವ ಮಾತಿಲ್ಲ. ಪಾಸ್‌ಬುಕ್ಕಿನ ಫೋಟೋ ಕಳಿಸುವ ಬದಲು ಕೆಳಗಿನಂತೆ ಟೈಪ್ ಮಾಡಿ ಫೋನಿನಲ್ಲಿ ಇಟ್ಟುಕೊಳ್ಳಿ. ಎದುರಿನವರು ಅದನ್ನು ನೋಡಿ ಬರೆಯಬೇಕಿಲ್ಲ, ಹಾಗೇ ಕಾಪಿ ಮಾಡಿ ಹಾಕಬಹುದು.

```
ಹೆಸರು: (ಪಾಸ್‌ಬುಕ್ಕಿನಲ್ಲಿ ಇರುವ ಹಾಗೇ)
ಖಾತೆ ಸಂಖ್ಯೆ: (ನಡುವೆ ಜಾಗ ಬಿಡದೆ)
IFSC: (ಈಗಿನ 11 ಅಕ್ಷರದ ಕೋಡ್)
```

ಇದನ್ನು ಕಳಿಸಿದ ಮೇಲೆ ಒಂದು ಮಾತು ಸೇರಿಸಿ: "ಹೆಸರು ನೋಡ್ಕೊಂಡು, ಮೊದಲು 1 ರೂಪಾಯಿ ಹಾಕಿ. ಬಂತು ಅಂತ ನಾನು ಹೇಳಿದ ಮೇಲೆ ಉಳಿದದ್ದು ಕಳಿಸಿ."